Q − W ಬರೆಯಬೇಕೇ, q + w ಬರೆಯಬೇಕೇ? ಉಷ್ಣ ಮತ್ತು ಕೆಲಸಕ್ಕೆ ಚಿಹ್ನೆ ಆರಿಸುವ ಬಗೆ

ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜು ಸಂಜೆ ಏಳರಿಂದ ಎಂಟೂವರೆಯವರೆಗೆ ಪಾಠದ ಮೇಜಾಗುತ್ತದೆ. ಬರುವವರೆಲ್ಲ ಸುತ್ತಮುತ್ತಲಿನ ಕನ್ನಡದ ಮನೆಗಳ ಮಕ್ಕಳು. ಕೆಲವರ ಅಪ್ಪಂದಿರು ಉಡುಪಿ ಕಡೆಯವರು, ಕೆಲವರದು ವಿಜಯಪುರ. ಕಾಲೇಜಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಇಲ್ಲಿ ಕನ್ನಡ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಈ ಮೇಜಿನ ಮೇಲೆ ಒಂದೇ ಪ್ರಶ್ನೆ ಬಂದು ಕೂರುತ್ತದೆ. ಈ ಸಲ ಅದನ್ನು ತಂದವಳು ಹನ್ನೆರಡನೆಯ ತರಗತಿಯ ಹುಡುಗಿ. ಭೌತಶಾಸ್ತ್ರದ ನೋಟ್‌ಬುಕ್ಕಿನಲ್ಲಿ ΔU = Q − W ಎಂದು ಬರೆದಿದ್ದಳು, ರಸಾಯನಶಾಸ್ತ್ರದ ನೋಟ್‌ಬುಕ್ಕಿನಲ್ಲಿ ΔU = Q + W ಎಂದು. ಮಹಾರಾಷ್ಟ್ರ ಮಂಡಳಿಯ ಹನ್ನೆರಡನೆಯ ತರಗತಿಯಲ್ಲಿ ಎರಡೂ ವಿಷಯಗಳ ನಾಲ್ಕನೆಯ ಅಧ್ಯಾಯ ಉಷ್ಣಗತಿಶಾಸ್ತ್ರವೇ, ಹಾಗಾಗಿ ಎರಡೂ ಸಾಲುಗಳು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಕಣ್ಣಿಗೆ ಬೀಳುತ್ತವೆ.

"ಸರ್, ಇವೆರಡರಲ್ಲಿ ಯಾವುದು ಸರಿ?" ಎಂದು ಕೇಳಿದಳು.

ಎರಡೂ ಸರಿ. ಹಾಗೆಂದು ಹೇಳಿ ಬಿಟ್ಟರೆ ಅವಳಿಗೆ ಲೆಕ್ಕ ಬರುವುದಿಲ್ಲ. ಯಾವ ಲೆಕ್ಕಕ್ಕೆ ಯಾವುದನ್ನು ಹಿಡಿಯಬೇಕು, ಹಿಡಿದ ಮೇಲೆ ಎಲ್ಲಿ ಕೈ ತಪ್ಪುತ್ತದೆ ಎನ್ನುವುದನ್ನು ಅವಳೆದುರು ಬಿಡಿಸಿ ತೋರಿಸಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಜಗಳ ಇರುವುದು ಕೆಲಸದ ಬಗ್ಗೆ ಮಾತ್ರ

ಮೊದಲು ಒಂದು ಭಯವನ್ನು ಕಳೆದುಕೊಳ್ಳೋಣ. ಉಷ್ಣದ ವಿಚಾರದಲ್ಲಿ ಈ ಎರಡು ರೂಢಿಗಳ ನಡುವೆ ಭಿನ್ನಾಭಿಪ್ರಾಯವೇ ಇಲ್ಲ. ನಾವು ಲೆಕ್ಕಕ್ಕೆ ಹಿಡಿದ ವಸ್ತುವೇ ವ್ಯವಸ್ಥೆ; ಅದರ ಒಳಗೆ ಉಷ್ಣ ಬಂದರೆ ಧನ, ವ್ಯವಸ್ಥೆಯಿಂದ ಹೊರಗೆ ಹೋದರೆ ಋಣ. ಭೌತಶಾಸ್ತ್ರ, ರಸಾಯನಶಾಸ್ತ್ರ, ಎಂಜಿನಿಯರಿಂಗ್ ಮೂರೂ ಇದನ್ನು ಒಪ್ಪುತ್ತವೆ. ಆಂತರಿಕ ಶಕ್ತಿಯ ಬದಲಾವಣೆ ΔU ವಿಚಾರದಲ್ಲೂ ತಕರಾರಿಲ್ಲ. ಹೆಚ್ಚಿದರೆ ಧನ, ಇಳಿದರೆ ಋಣ.

ಬೇರೆಯಾಗುವುದು W ಎಂಬ ಒಂದು ಅಕ್ಷರದ ಅರ್ಥ. Q − W ಬರೆಯುವವರಿಗೆ W ಎಂದರೆ ವ್ಯವಸ್ಥೆಯು ಹೊರಗಿನದರ ಮೇಲೆ ಮಾಡಿದ ಕೆಲಸ. q + w ಬರೆಯುವವರಿಗೆ w ಎಂದರೆ ಹೊರಗಿನದು ವ್ಯವಸ್ಥೆಯ ಮೇಲೆ ಮಾಡಿದ ಕೆಲಸ. ಒಂದೇ ಘಟನೆಯಲ್ಲಿ ಇವೆರಡು ಅಳತೆಯಲ್ಲಿ ಸಮ, ಚಿಹ್ನೆಯಲ್ಲಿ ವಿರುದ್ಧ.

ಹೀಗೇಕಾಯಿತು ಎನ್ನುವುದಕ್ಕೆ ಮನೆಯ ಜಮಾ–ಖರ್ಚಿನ ಪುಸ್ತಕ ಸಾಕು. ಜರ್ಮನ್ ವಿಜ್ಞಾನಿ ಕ್ಲಾಸಿಯಸ್ 1850ರಲ್ಲಿ ಉಷ್ಣಗತಿಶಾಸ್ತ್ರದ ಮೊದಲ ನಿಯಮಕ್ಕೆ ಸಮೀಕರಣದ ರೂಪ ಕೊಟ್ಟಾಗ ಎಲ್ಲರ ಕಣ್ಣೆದುರು ಇದ್ದದ್ದು ಉಗಿಯಂತ್ರ. ಯಂತ್ರದ ಯಜಮಾನ ಕಲ್ಲಿದ್ದಲು ಸುಟ್ಟು ಉಷ್ಣ ಕೊಡುತ್ತಾನೆ, ಪ್ರತಿಯಾಗಿ ಕೆಲಸ ಪಡೆಯುತ್ತಾನೆ. ಅವನ ಪುಸ್ತಕದಲ್ಲಿ ಕೊಟ್ಟ ಉಷ್ಣವೂ ಧನಸಂಖ್ಯೆ, ಸಿಕ್ಕ ಕೆಲಸವೂ ಧನಸಂಖ್ಯೆ. ಎರಡರ ನಡುವಿನ ವ್ಯತ್ಯಾಸ ಯಂತ್ರದೊಳಗೆ ಉಳಿದದ್ದು. ರಸಾಯನ ವಿಜ್ಞಾನಿ ನೋಡುವುದು ಬೀಕರಿನೊಳಗಿನ ವಸ್ತುವನ್ನು. ಅದರೊಳಗೆ ಯಾವ ದಾರಿಯಿಂದ ಶಕ್ತಿ ಬಂದರೂ ಅವನಿಗೆ ಅದು ಜಮಾ. ಹಾಗಾಗಿ ಉಷ್ಣ, ಕೆಲಸ ಎರಡನ್ನೂ ಕೂಡುತ್ತಾನೆ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಶಿಫಾರಸು ಮಾಡುವುದೂ ಈ ಕೂಡುವ ರೂಪವನ್ನೇ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅರ್ಧ ಗೊಂದಲ ಇದರಿಂದಲೇ. ರೂಢಿ ಅಂಟಿಕೊಂಡಿರುವುದು ಬರಿಯ W ಎಂಬ ಅಕ್ಷರಕ್ಕೆ. "ಅನಿಲವು ಮಾಡಿದ ಕೆಲಸ" ಎಂದು ಮಾತಿನಲ್ಲಿ ಕೇಳಿದರೆ ಅದರ ಬೆಲೆ ಯಾವ ಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲೂ ಒಂದೇ. "ಅನಿಲದ ಮೇಲೆ ಮಾಡಿದ ಕೆಲಸ" ಎಂದರೂ ಹಾಗೆಯೇ. ಪ್ರಶ್ನೆಯಲ್ಲಿ "ಅನಿಲವು" ಅಥವಾ "ಮೇಲೆ" ಎನ್ನುವ ಪದ ಇದೆಯೇ ಇಲ್ಲವೇ ಎಂದು ಬೆರಳಿಟ್ಟು ನೋಡಿ. ಎರಡರಲ್ಲಿ ಒಂದು ಇದ್ದರೂ ರೂಢಿಯ ಚರ್ಚೆ ಬೇಕಿಲ್ಲ.

ಒಂದೇ ಹೀಲಿಯಂ, ಎರಡು ಲೆಕ್ಕ

ಆ ಹುಡುಗಿಗೆ ಕೊಟ್ಟ ಲೆಕ್ಕ ಇದು. ಪಿಸ್ಟನ್ ಇರುವ ಸಿಲಿಂಡರಿನಲ್ಲಿ 6 ಲೀಟರ್ ಬಿಸಿ ಹೀಲಿಯಂ ಇದೆ, ಒತ್ತಡ 1 ಬಾರ್, ತಾಪ 900 ಕೆಲ್ವಿನ್. ಒತ್ತಡ ಬದಲಾಗದಂತೆ ನಿಧಾನವಾಗಿ ಆರಲು ಬಿಡುತ್ತೇವೆ. ಪಿಸ್ಟನ್ ಇಳಿಯುತ್ತದೆ, ಗಾತ್ರ 2 ಲೀಟರಿಗೆ ಬರುತ್ತದೆ, ತಾಪ 300 ಕೆಲ್ವಿನ್ ಆಗುತ್ತದೆ. ಈ ನಡುವೆ ಅನಿಲದಿಂದ 1000 ಜೂಲ್ ಉಷ್ಣ ಹೊರಗೆ ಹೋಗಿದೆ. ಆಂತರಿಕ ಶಕ್ತಿ ಎಷ್ಟು ಬದಲಾಯಿತು?

ಭೌತಶಾಸ್ತ್ರದ ರೂಢಿಯಲ್ಲಿ ಮಾಡೋಣ. ಉಷ್ಣ ಹೊರಗೆ ಹೋಗಿದೆ, Q = −1000. ಒತ್ತಡ 1 ಬಾರ್ ಎಂದರೆ 10⁵ ಪ್ಯಾಸ್ಕಲ್. ಗಾತ್ರದ ಬದಲಾವಣೆ 2 − 6 = −4 ಲೀಟರ್, ಅಂದರೆ −0.004 ಘನ ಮೀಟರ್.

W = PΔV = 10⁵ × (−0.004) = −400 J

ΔU = Q − W = −1000 − (−400) = −600 J

ರಸಾಯನಶಾಸ್ತ್ರದ ರೂಢಿಯಲ್ಲಿ q ಅದೇ, −1000. ಕೆಲಸದ ಸೂತ್ರದಲ್ಲಿ ಮಾತ್ರ ಮುಂದೆ ಒಂದು ಋಣಚಿಹ್ನೆ ಇರುತ್ತದೆ. ಅಲ್ಲಿನ ಲೆಕ್ಕಗಳಲ್ಲಿ ಗಾತ್ರವನ್ನು ಘನ ಡೆಸಿಮೀಟರಿನಲ್ಲಿ, ಒತ್ತಡವನ್ನು ಬಾರ್‌ನಲ್ಲಿ ಕೊಡುವುದು ವಾಡಿಕೆ. ಒಂದು ಘನ ಡೆಸಿಮೀಟರ್ ಒಂದು ಲೀಟರೇ, ಮತ್ತು 1 dm³ bar ಎಂದರೆ 100 ಜೂಲ್.

w = −P_ext ΔV = −1 × (2 − 6) = +4 dm³ bar = +400 J

ΔU = q + w = −1000 + 400 = −600 J

ದಾರಿ ಬೇರೆ, ತಲುಪಿದ ಊರು ಒಂದೇ. ಹುಡುಗಿಗೆ ಸಮಾಧಾನವಾಗಲಿಲ್ಲ. "ಸರ್, ಅನಿಲವನ್ನು ಒತ್ತಿದ್ದೇವಲ್ಲ, ಒತ್ತಿದರೆ ಶಕ್ತಿ ಹೆಚ್ಚಬೇಕಲ್ಲವೇ?" ಎಂದಳು. ಒಳ್ಳೆಯ ಪ್ರಶ್ನೆ. ಒತ್ತಿದ್ದರಿಂದ 400 ಜೂಲ್ ಒಳಗೆ ಬಂದದ್ದು ನಿಜ. ಆದರೆ ಅದೇ ಹೊತ್ತಿನಲ್ಲಿ 1000 ಜೂಲ್ ಉಷ್ಣವಾಗಿ ಸೋರಿ ಹೋಗಿದೆ. ಬಂದದ್ದಕ್ಕಿಂತ ಹೋದದ್ದು ಹೆಚ್ಚು, ಆದ್ದರಿಂದ ಶಕ್ತಿ ಇಳಿಯಿತು, ತಾಪವೂ ಇಳಿಯಿತು. ಗಾತ್ರ ಕುಗ್ಗಿದ್ದನ್ನು ನೋಡಿದ ಕೂಡಲೇ ΔU ಚಿಹ್ನೆಯನ್ನು ನಿರ್ಧರಿಸಬಾರದು. ಗಾತ್ರ ಹೇಳುವುದು ಕೆಲಸದ ದಿಕ್ಕನ್ನು ಮಾತ್ರ.

ಈಗ ತಪ್ಪು ಮಾಡಿ ನೋಡೋಣ. ಭೌತಶಾಸ್ತ್ರದ PΔV ಸೂತ್ರದಿಂದ −400 ಎಂದು ತೆಗೆದು, ರಸಾಯನಶಾಸ್ತ್ರದ ಕೂಡುವ ಸಮೀಕರಣಕ್ಕೆ ಹಾಕಿದರೆ −1000 + (−400) = −1400. ತಿರುಗಿಸಿ, ರಸಾಯನಶಾಸ್ತ್ರದ +400 ಅನ್ನು ಭೌತಶಾಸ್ತ್ರದ ಕಳೆಯುವ ಸಮೀಕರಣಕ್ಕೆ ಹಾಕಿದರೆ −1000 − 400 = −1400. ಯಾವ ಕಡೆಯಿಂದ ಬೆರೆಸಿದರೂ ತಪ್ಪು ಉತ್ತರ ಒಂದೇ. ಸರಿ ಉತ್ತರಕ್ಕೂ ಇದಕ್ಕೂ ಇರುವ ಅಂತರ 800, ಅಂದರೆ ಕೆಲಸದ ಎರಡು ಪಟ್ಟು. ಇದನ್ನು ನೆನಪಿಡಿ. ನಿಮ್ಮ ಉತ್ತರವೂ ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರವೂ ಸರಿಯಾಗಿ ಎರಡು ಪಟ್ಟು ಕೆಲಸದಷ್ಟು ದೂರ ಇದ್ದರೆ, ಕೆಲಸದ ಚಿಹ್ನೆ ತಿರುಗಿದೆ ಎಂದೇ ಅರ್ಥ. ಎರಡು ಪಟ್ಟು ಉಷ್ಣದಷ್ಟು ದೂರ ಇದ್ದರೆ ಉಷ್ಣದ ಚಿಹ್ನೆ ತಿರುಗಿದೆ. ಬೇರೆ ಅಂತರವಾದರೆ ಚಿಹ್ನೆಯನ್ನು ಬಿಟ್ಟು ಏಕಮಾನಗಳನ್ನು ಪರೀಕ್ಷಿಸಿ.

ಪುಸ್ತಕದ ಉತ್ತರ ಇಲ್ಲದಿದ್ದಾಗ, ಪರೀಕ್ಷೆಯ ಕೊಠಡಿಯಲ್ಲಿ ಏನು ಮಾಡುವುದು? ಆದರ್ಶ ಅನಿಲವಾದರೆ ಇನ್ನೊಂದು ಬಾಗಿಲಿದೆ. ಹೀಲಿಯಂ ಒಂಟಿ ಪರಮಾಣುವಿನ ಅನಿಲ, ಅದರ ಆಂತರಿಕ ಶಕ್ತಿ PV ಗುಣಲಬ್ಧದ ಒಂದೂವರೆ ಪಟ್ಟು. ಆರಂಭದಲ್ಲಿ PV = 10⁵ × 0.006 = 600 ಜೂಲ್, ಆದ್ದರಿಂದ U = 900 ಜೂಲ್. ಕೊನೆಯಲ್ಲಿ PV = 200, U = 300. ವ್ಯತ್ಯಾಸ −600. ಉಷ್ಣವನ್ನೂ ಕೆಲಸವನ್ನೂ ಮುಟ್ಟದೆ, ಯಾವ ರೂಢಿಯ ಹಂಗೂ ಇಲ್ಲದೆ ಬಂದ ಉತ್ತರ ಇದು. ಬೆರೆಸಿ ಪಡೆದ −1400 ಎಷ್ಟು ಅಸಾಧ್ಯ ಎಂಬುದೂ ಇಲ್ಲಿ ಕಾಣುತ್ತದೆ. ಒಟ್ಟು 900 ಜೂಲ್ ಇದ್ದ ಅನಿಲ 1400 ಜೂಲ್ ಕಳೆದುಕೊಳ್ಳುವುದು ಹೇಗೆ? ಆ ಹುಡುಗಿ ಈ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ನನಗೆ ಪಾಠ ಹೇಳುವುದರಲ್ಲಿ ಇಷ್ಟವಾಗುವುದೇ ಆ ಕ್ಷಣ.

ಸೂತ್ರ ಯಾವ ಮನೆಯದು ಎಂದು ಗುರುತಿಸುವುದು

ಬೆರಕೆ ನಡೆಯುವುದು ಸಮೀಕರಣದಲ್ಲಿ ಅಷ್ಟಾಗಿ ಅಲ್ಲ, ಕೆಲಸದ ಸೂತ್ರದಲ್ಲಿ. ΔU = Q − W ಎಂದು ಎಲ್ಲರಿಗೂ ನೆನಪಿರುತ್ತದೆ, ಆದರೆ ಸಮತಾಪ ಹಿಗ್ಗುವಿಕೆಯ ಕೆಲಸಕ್ಕೆ ಸೂತ್ರಗಳ ಹಾಳೆಯಿಂದ −2.303 nRT log(V₂/V₁) ಎತ್ತಿ ಹಾಕುತ್ತಾರೆ. ಅದು ಪಕ್ಕದ ಮನೆಯ ಸೂತ್ರ. ಭೌತಶಾಸ್ತ್ರದಲ್ಲಿ ಅದಕ್ಕೆ ಮುಂದಿನ ಋಣಚಿಹ್ನೆ ಇರುವುದಿಲ್ಲ. ಉಷ್ಣ ಒಳಗೂ ಬರದ, ಹೊರಗೂ ಹೋಗದ ಉಷ್ಣಬಂಧಿತ ಪ್ರಕ್ರಿಯೆಯಲ್ಲೂ ಹೀಗೆಯೇ. ಒಂದು ಕಡೆ W = nCᵥ(T₁ − T₂), ಇನ್ನೊಂದು ಕಡೆ w = nCᵥ(T₂ − T₁).

ಇವುಗಳನ್ನು ಬಾಯಿಪಾಠ ಮಾಡಿ ಬೇರ್ಪಡಿಸಲು ಹೋದರೆ ಪರೀಕ್ಷೆಯ ದಿನ ಕಲಸಿಹೋಗುತ್ತವೆ. ನಾನು ಹೇಳಿಕೊಡುವುದು ಹಿಗ್ಗಿಸಿ ನೋಡುವ ಉಪಾಯ. ಕೈಯಲ್ಲಿರುವ ಸೂತ್ರದಲ್ಲಿ ಅನಿಲ ಹಿಗ್ಗುತ್ತಿದೆ ಎಂದುಕೊಳ್ಳಿ, V₂ ದೊಡ್ಡದು. ಉತ್ತರ ಧನವಾಗಿ ಬಂದರೆ ಆ ಸೂತ್ರ ಕೊಡುವುದು ಅನಿಲವು ಮಾಡಿದ ಕೆಲಸವನ್ನು, ಅದು ಕಳೆಯುವ ಸಮೀಕರಣಕ್ಕೆ ಸೇರಬೇಕು. ಋಣವಾಗಿ ಬಂದರೆ ಅದು ಅನಿಲದ ಮೇಲಾದ ಕೆಲಸ, ಕೂಡುವ ಸಮೀಕರಣಕ್ಕೆ ಸೇರಬೇಕು. ತಾಪದ ಸೂತ್ರವಾದರೆ, ಉಷ್ಣಬಂಧಿತವಾಗಿ ಹಿಗ್ಗಿದ ಅನಿಲ ತಣ್ಣಗಾಗುತ್ತದೆ, T₂ ಚಿಕ್ಕದು ಎಂದು ಹಾಕಿ ನೋಡಿ. ಹತ್ತು ಸೆಕೆಂಡಿನ ಕೆಲಸ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಸೂತ್ರವೇ ಚಿಹ್ನೆ ಕೊಟ್ಟಿರುವಾಗ ಕೈಯಿಂದ ಇನ್ನೊಂದು ಚಿಹ್ನೆ ಸೇರಿಸುವುದು. w = −PΔV ಬರೆದು, "ಅನಿಲ ಕುಗ್ಗುತ್ತಿದೆ, ಆದ್ದರಿಂದ ಋಣ" ಎಂದುಕೊಂಡು ΔV ಜಾಗದಲ್ಲಿ 4 ಹಾಕಿ −400 ಎನ್ನುತ್ತಾರೆ. ಕುಗ್ಗುವುದನ್ನು ಹೇಳುವ ಹೊಣೆ V₂ − V₁ ಮೇಲಿದೆ. ಅದನ್ನು ಹಾಗೆಯೇ ಬಿಡಿ. ಕೊನೆಯದರಿಂದ ಮೊದಲನೆಯದನ್ನು ಕಳೆಯಿರಿ, ಬಂದದ್ದನ್ನು ಬರೆಯಿರಿ. ದಿಕ್ಕಿನ ಯೋಚನೆಯನ್ನು ಉತ್ತರ ಬಂದ ಮೇಲೆ ಪರೀಕ್ಷೆಗೆ ಮಾತ್ರ ಬಳಸಿ.

ಮೂರನೆಯ ದಾರಿ: ಒಳಗೆ, ಹೊರಗೆ

ಕೆಲವರು ಚಿಹ್ನೆಗಳನ್ನೇ ಬಿಟ್ಟುಬಿಡುತ್ತಾರೆ. ಸಿಲಿಂಡರಿನ ಚಿತ್ರ ಬರೆದು, ಉಷ್ಣಕ್ಕೊಂದು ಬಾಣ, ಕೆಲಸಕ್ಕೊಂದು ಬಾಣ. ಪ್ರತಿ ಬಾಣದ ಪಕ್ಕದಲ್ಲೂ ಧನಸಂಖ್ಯೆ. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ ΔU. ನಮ್ಮ ಹೀಲಿಯಂಗೆ 400 − 1000 = −600. ಒಂದೇ ಸಾಲು.

ಎಂಜಿನಿಯರಿಂಗ್ ಓದುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಶನಿವಾರ ಪುಣೆಯಿಂದ ರೈಲಿನಲ್ಲಿ ಬರುವ ನಮ್ಮ ಕಟ್ಟಡದ ಹುಡುಗ ಮೆಕ್ಯಾನಿಕಲ್ ಎರಡನೆಯ ವರ್ಷದವನು. ಹೋದ ತಿಂಗಳು ಅವನು ತಂದ ಲೆಕ್ಕದಲ್ಲಿ ಈ ದಾರಿಯ ಬಲವೂ ಮಿತಿಯೂ ಎರಡೂ ಇದ್ದವು. ಸುಲಭವಾಗಲೆಂದು ಸಂಖ್ಯೆಗಳನ್ನು ದುಂಡಾಗಿಸಿ ಹೇಳುತ್ತೇನೆ.

ಸುತ್ತ ನೀರಿನ ಜಾಕೆಟ್ ಇರುವ ಸಿಲಿಂಡರಿನಲ್ಲಿ 100 ಕಿಲೋಪ್ಯಾಸ್ಕಲ್ ಒತ್ತಡದ 0.1 ಘನ ಮೀಟರ್ ಗಾಳಿ. ಅದನ್ನು ಹದಿನಾರನೆಯ ಒಂದು ಭಾಗಕ್ಕೆ ಒತ್ತುತ್ತಾರೆ, PV^1.25 ಸ್ಥಿರವಾಗಿರುವ ಹಾಗೆ. 16ರ 1.25ನೆಯ ಘಾತ 32, ಆದ್ದರಿಂದ ಕೊನೆಯ ಒತ್ತಡ 3200 ಕಿಲೋಪ್ಯಾಸ್ಕಲ್, ಗಾತ್ರ 0.00625 ಘನ ಮೀಟರ್. PV ಮೊದಲು 10 ಕಿಲೋಜೂಲ್ ಇದ್ದದ್ದು ಈಗ 20 ಆಗಿದೆ, ಅಂದರೆ ತಾಪ ಎರಡು ಪಟ್ಟಾಗಿದೆ. ಉಷ್ಣ ಎಷ್ಟು ಎನ್ನುವುದು ಪ್ರಶ್ನೆ.

ಕೆಲಸದ ಸೂತ್ರ (P₁V₁ − P₂V₂)/(n − 1), ಇಲ್ಲಿ n ಎಂದರೆ ಮೋಲ್‌ಗಳ ಸಂಖ್ಯೆಯಲ್ಲ, ಘಾತ 1.25. ಹಿಗ್ಗಿಸಿ ನೋಡಿದರೆ ಧನ ಬರುತ್ತದೆ, ಇದು ಗಾಳಿಯು ಮಾಡಿದ ಕೆಲಸ. ಬೆಲೆ (10 − 20)/0.25 = −40 ಕಿಲೋಜೂಲ್. ಗಾಳಿಯ ಎರಡು ಉಷ್ಣಧಾರಕತೆಗಳ ಅನುಪಾತ γ = 1.4 ಎಂದು ಹಿಡಿದರೆ ΔU = (P₂V₂ − P₁V₁)/(γ − 1) = (20 − 10)/0.4 = 25 ಕಿಲೋಜೂಲ್. ಇನ್ನು Q = ΔU + W = 25 + (−40) = −15 ಕಿಲೋಜೂಲ್. ಹದಿನೈದು ಕಿಲೋಜೂಲ್ ಜಾಕೆಟ್ಟಿನ ನೀರಿಗೆ ಹೋಗಿದೆ.

ಹುಡುಗನ ಉತ್ತರ +65 ಆಗಿತ್ತು. "ಒತ್ತಲು ಬೇಕಾದ ಕೆಲಸ 40 ಕಿಲೋಜೂಲ್" ಎಂದು ಮಾತಿನಲ್ಲಿ ಸರಿಯಾಗಿಯೇ ಬರೆದಿದ್ದ, ಮುಂದಿನ ಸಾಲಿನಲ್ಲಿ ಆ 40 ಅನ್ನು ಹಾಗೆಯೇ Q = ΔU + W ಒಳಗೆ ಇಳಿಸಿದ್ದ. 65ಕ್ಕೂ −15ಕ್ಕೂ ಅಂತರ 80, ಕೆಲಸದ ಎರಡು ಪಟ್ಟು. ಅದಕ್ಕಿಂತ ಮುಂಚೆಯೇ ಚಿತ್ರ ಅವನಿಗೆ ಹೇಳಬೇಕಿತ್ತು: ಗಾಳಿ ಬಿಸಿಯಾಗುತ್ತಿರುವಾಗ ಸುತ್ತಲಿನ ತಣ್ಣೀರು ಅದಕ್ಕೆ 65 ಕಿಲೋಜೂಲ್ ಉಷ್ಣ ಕೊಡುವುದುಂಟೇ?

ಬಾಣದ ದಾರಿಯಲ್ಲಿ ಇದನ್ನೇ ಮಾಡುವಾಗ ಒಂದು ತೊಡಕು ಬರುತ್ತದೆ. ಕೆಲಸ 40 ಒಳಗೆ ಎನ್ನುವುದು ಖಚಿತ. ಉಷ್ಣದ ಬಾಣ ಯಾವ ಕಡೆಗೆ ಎನ್ನುವುದು ಮೊದಲೇ ಗೊತ್ತಿಲ್ಲ, ಅದೇ ಕೇಳಿರುವ ಪ್ರಶ್ನೆ. ಆಗ ಒಂದು ದಿಕ್ಕನ್ನು ಊಹಿಸಿ. ಹೊರಗೆ ಎಂದು ಊಹಿಸಿದರೆ 40 − Q = 25, Q = 15, ಊಹೆ ಸರಿ. ಒಳಗೆ ಎಂದು ಊಹಿಸಿದ್ದರೆ 40 + Q = 25, Q = −15 ಬರುತ್ತಿತ್ತು. ಋಣ ಬಂದರೆ ಬಾಣವನ್ನು ತಿರುಗಿಸಿ, ಲೆಕ್ಕವನ್ನು ಮತ್ತೆ ಮಾಡಬೇಕಾಗಿಲ್ಲ.

ಆದರೆ ನಾಲ್ಕು ಹಂತಗಳ ಚಕ್ರವಾದರೆ ಬಾಣಗಳು ಕಾಲಿಗೆ ತೊಡರುತ್ತವೆ. ಅಲ್ಲಿ ಕೋಷ್ಟಕ ಹಾಕಿ, ಕಳೆಯುವ ರೂಪದಲ್ಲಿ ಚಿಹ್ನೆ ಸಹಿತ ಬರೆದು, ಕೊನೆಗೆ ಕೂಡುವುದೇ ಸಲೀಸು. ಚಕ್ರ ಮುಗಿದಾಗ ΔU ಸೊನ್ನೆ, ಆದ್ದರಿಂದ ಒಟ್ಟು Q ಮತ್ತು ಒಟ್ಟು W ಸಮವಾಗಬೇಕು. ಎಂಜಿನ್ ಆಗಿದ್ದರೆ ಎರಡೂ ಧನ. ಎಂಜಿನಿಯರುಗಳು ಹಳೆಯ ರೂಢಿಯನ್ನು ಬಿಡದಿರುವುದಕ್ಕೆ ಇದೊಂದೇ ಅನುಕೂಲ ಸಾಕು. ಇನ್ನೊಂದು ಕಡೆ, ಒಂದೇ ಪ್ರಕ್ರಿಯೆಯ ನಡುವೆಯೇ ಉಷ್ಣದ ದಿಕ್ಕು ಬದಲಾಗುವುದೂ ಉಂಟು. P–V ಚಿತ್ರದಲ್ಲಿ ಎಡದ ಮೇಲಿನಿಂದ ಬಲದ ಕೆಳಕ್ಕೆ ಇಳಿಯುವ ಸರಳರೇಖೆಯಲ್ಲಿ ಹಾಗಾಗಬಹುದು. ಮೊದಲು ಒಳಗೆ ಬರುತ್ತಿದ್ದ ಉಷ್ಣ ಒಂದು ಬಿಂದುವಿನ ನಂತರ ಹೊರಗೆ ಹೋಗತೊಡಗುತ್ತದೆ. ಅಲ್ಲಿ ಒಂದೇ ಬಾಣ ಬರೆದು ಕುಳಿತರೆ ಕಥೆಯ ಅರ್ಧ ಮರೆಯಾಗುತ್ತದೆ.

ಉಷ್ಣದ ಚಿಹ್ನೆ ತಪ್ಪಿದರೆ ಗೆರೆ ಎಲ್ಲಿದೆ ನೋಡಿ

ಉಷ್ಣದಲ್ಲಿ ರೂಢಿಯ ಜಗಳ ಇಲ್ಲ ಎಂದೆ. ಆದರೂ ಚಿಹ್ನೆ ತಪ್ಪುತ್ತದೆ, ಅದಕ್ಕೆ ಕಾರಣ ಬೇರೆ. ಯಾವುದು ವ್ಯವಸ್ಥೆ ಎನ್ನುವುದನ್ನು ಲೆಕ್ಕದ ನಡುವೆ ಅರಿವಿಲ್ಲದೆ ಬದಲಿಸುತ್ತೇವೆ. ಕ್ಯಾಲೊರಿಮೀಟರಿನಲ್ಲಿ ನೀರಿನ ತಾಪ ಏರಿದರೆ ನೀರಿಗೆ ಉಷ್ಣ ಧನ. ಆ ಉಷ್ಣವನ್ನು ಬಿಟ್ಟುಕೊಟ್ಟ ರಾಸಾಯನಿಕ ಕ್ರಿಯೆಗೆ ಅದೇ ಸಂಖ್ಯೆ ಋಣ. ನೀರಿಗೆ ಲೆಕ್ಕ ಹಾಕಿ ಪಡೆದ ಧನಸಂಖ್ಯೆಯನ್ನು ಕ್ರಿಯೆಯ ಹೆಸರಿಗೆ ಬರೆದಾಗ ಉಷ್ಣ ಬಿಡುವ ಕ್ರಿಯೆ ಉಷ್ಣ ಹೀರುವ ಕ್ರಿಯೆಯಾಗಿಬಿಡುತ್ತದೆ.

ಬಕೆಟ್ಟಿನಲ್ಲಿ ನೀರು ಕಾಯಿಸುವ ಹೀಟರ್ ರಾಡ್ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. 1000 ವ್ಯಾಟಿನ ರಾಡ್ ಎರಡು ನಿಮಿಷ ಉರಿದರೆ 120 ಕಿಲೋಜೂಲ್. ಬಕೆಟ್ಟಿನಿಂದ ಹೊರಗೆ ಏನೂ ಸೋರುವುದಿಲ್ಲ, ರಾಡ್ ತಾನೇ ಹಿಡಿದಿಟ್ಟುಕೊಳ್ಳುವುದು ಗಣನೆಗಿಲ್ಲ ಎಂದುಕೊಳ್ಳೋಣ. ನೀರನ್ನು ಮಾತ್ರ ವ್ಯವಸ್ಥೆ ಎಂದು ಗೆರೆ ಎಳೆದರೆ ಬಿಸಿ ರಾಡಿನಿಂದ ನೀರಿಗೆ ಬಂದದ್ದು ಉಷ್ಣ: Q = +120, ಕೆಲಸ ಸೊನ್ನೆ. ರಾಡನ್ನೂ ಗೆರೆಯೊಳಗೆ ಸೇರಿಸಿದರೆ ಗೆರೆ ದಾಟಿ ಬಂದದ್ದು ವಿದ್ಯುತ್ತು ಮಾತ್ರ, ಅದು ಕೆಲಸ. ಆಗ Q ಸೊನ್ನೆ, ಭೌತಶಾಸ್ತ್ರದಲ್ಲಿ W = −120, ರಸಾಯನಶಾಸ್ತ್ರದಲ್ಲಿ w = +120. ಮೂರೂ ರೀತಿಯಲ್ಲಿ ΔU = +120. ನೀರು ಬಿಸಿಯಾಗುವುದಕ್ಕೆ ನಮ್ಮ ಗೆರೆಯ ಪರಿವೆಯಿಲ್ಲ. ಆದರೆ "Q ಎಷ್ಟು?" ಎಂದು ಕೇಳಿದಾಗ ಗೆರೆಯನ್ನು ಹೇಳದೆ ಉತ್ತರ ಕೊಡಲು ಬರುವುದಿಲ್ಲ.

ಯಾರಿಗೆ ಯಾವುದು

ಹನ್ನೆರಡನೆಯ ತರಗತಿಯವರು ಭೌತಶಾಸ್ತ್ರದ ಪತ್ರಿಕೆಯಲ್ಲಿ ಕಳೆಯುವ ರೂಪವನ್ನೇ, ರಸಾಯನಶಾಸ್ತ್ರದ ಪತ್ರಿಕೆಯಲ್ಲಿ ಕೂಡುವ ರೂಪವನ್ನೇ ಬಳಸಬೇಕು. ಒಂದನ್ನೇ ಎರಡೂ ಕಡೆ ಹಿಡಿದರಾಗದೇ ಎಂದು ಜಾಣ ಮಕ್ಕಳು ಕೇಳುತ್ತಾರೆ. ΔU ಕೇಳಿದಾಗ ಆಗುತ್ತದೆ. ಬರಿಯ W ಕೇಳಿ, ಆಯ್ಕೆಗಳಲ್ಲಿ +400, −400 ಎರಡೂ ಇದ್ದಾಗ ಆಗುವುದಿಲ್ಲ. ಕೇಂದ್ರೀಯ ಮಂಡಳಿಯವರು ಈ ಪಾಠವನ್ನು ಹನ್ನೊಂದರಲ್ಲೇ ಓದುತ್ತಾರೆ, ಆದರೆ ಎರಡು ಶಾಸ್ತ್ರಗಳ ನಡುವಿನ ಭೇದ ಅಲ್ಲಿಯೂ ಇದೇ.

ಹೆಚ್ಚು ಎಚ್ಚರ ಬೇಕಾಗುವುದು ರಾಜ್ಯದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ. ಎಂಎಚ್‌ಟಿ–ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಒಂದೇ ತೊಂಬತ್ತು ನಿಮಿಷಗಳ ಅವಧಿಯಲ್ಲಿ ಬರುತ್ತವೆ. ಅರ್ಧ ಗಂಟೆಯ ಹಿಂದೆ ಕಳೆಯುತ್ತಿದ್ದ ಕೈ ಈಗ ಕೂಡಬೇಕು. ಅಲ್ಲಿ ನಾನು ಹೇಳುವ ಕ್ರಮ ಇಷ್ಟೇ: ಮೊದಲು ಬಾಣದ ದಾರಿಯಲ್ಲಿ ΔU ತೆಗೆಯಿರಿ, ಅದರಲ್ಲಿ ರೂಢಿಯ ಗೊಡವೆ ಇಲ್ಲ. W ಕೇಳಿದ್ದರೆ ಮಾತ್ರ ಇದು ಯಾವ ವಿಷಯದ ಪ್ರಶ್ನೆ ಎಂದು ನೋಡಿ ಚಿಹ್ನೆ ಹಾಕಿ.

ಮೆಕ್ಯಾನಿಕಲ್ ಓದುವವರಿಗೆ ಕಳೆಯುವ ರೂಪ ಸಹಜ. ಮುಂದೆ ಟರ್ಬೈನ್, ಕಂಪ್ರೆಸರ್ ಬಂದಾಗಲೂ ಅದೇ q − w = h₂ − h₁ ಆಗಿ ಬೆಳೆಯುತ್ತದೆ. ಟರ್ಬೈನಿನ ಕೆಲಸ ಧನ, ಕಂಪ್ರೆಸರಿನದು ಋಣ. ರಾಸಾಯನಿಕ ಎಂಜಿನಿಯರಿಂಗ್ ಓದುವವರು ಪುಸ್ತಕದ ಅಧ್ಯಾಯದ ಮೊದಲ ಪುಟಗಳನ್ನು ಬಿಡದೆ ಓದಬೇಕು, ಏಕೆಂದರೆ ಅವರ ಪಠ್ಯಗಳಲ್ಲಿ ಕೆಲವು ಕೂಡುವ ರೂಪವನ್ನು ಹಿಡಿದಿವೆ, ಕೆಲವು ಕಳೆಯುವ ರೂಪವನ್ನು. ಒಂದರಿಂದ ಸೂತ್ರ, ಇನ್ನೊಂದರಿಂದ ಸಮೀಕರಣ ತೆಗೆದರೆ ಮತ್ತೆ ಅದೇ ಎರಡು ಪಟ್ಟಿನ ತಪ್ಪು.

ವಿವರವಾಗಿ ಬರೆಯುವ ಉತ್ತರವಾದರೆ, ಯಾವ ರೂಢಿಯಲ್ಲೇ ಮಾಡಿ, ಮೊದಲ ಸಾಲಿನಲ್ಲಿ ಅದನ್ನು ಬರೆಯಿರಿ: "W ಎಂದರೆ ಅನಿಲವು ಮಾಡಿದ ಕೆಲಸ" ಅಥವಾ "w ಎಂದರೆ ಅನಿಲದ ಮೇಲೆ ಮಾಡಿದ ಕೆಲಸ". ಕೊನೆಯ ಸಾಲಿನಲ್ಲಿ ಉತ್ತರವನ್ನು ಚಿಹ್ನೆಯ ಜೊತೆಗೆ ಮಾತಿನಲ್ಲೂ ಬರೆಯಿರಿ. ಆ ಹುಡುಗಿ ಈಗ ಹೀಲಿಯಂ ಲೆಕ್ಕದ ಕೆಳಗೆ ಹೀಗೆ ಬರೆದಿದ್ದಾಳೆ: "W = −400 J, ಅಂದರೆ ಹೊರಗಿನ ಒತ್ತಡವು ಅನಿಲದ ಮೇಲೆ 400 J ಕೆಲಸ ಮಾಡಿದೆ." ಮೌಲ್ಯಮಾಪಕರು ಯಾವ ರೂಢಿಯಲ್ಲಿ ಕಲಿತವರಾದರೂ ಆ ಸಾಲನ್ನು ಒಂದೇ ರೀತಿ ಓದುತ್ತಾರೆ.